ಎಕ್ಸಿಟ್ ತಪ್ಪಿತು, ಮುಂದಿನದು 22 ಕಿಮೀ ದೂರ: ಗಾಬರಿಯಿಲ್ಲದೆ ವಾಪಸ್ ಬರುವುದು ಹೇಗೆ?

ಬೆಂಗಳೂರಿಂದ ರಾಮನಗರಕ್ಕೆ ಮದುವೆಗೆ ಹೊರಟಿದ್ದೆವು. ನಾನು ಕಾರು ಓಡಿಸುತ್ತಿದ್ದೆ. ಪಕ್ಕದಲ್ಲಿ ತಂಗಿ, ಹಿಂದೆ ಅಮ್ಮ ಮತ್ತು ಚಿಕ್ಕಪ್ಪ. ಮುಹೂರ್ತ ಹತ್ತೂವರೆಗೆ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಬಿಡದಿ ಬೈಪಾಸ್ ದಾಟಿ ಸ್ವಲ್ಪ ದೂರ ಹೋದ ಮೇಲೆ ಎಡಕ್ಕೆ ಇಳಿದು ರಾಮನಗರ ಊರಿನ ಹಳೇ ರಸ್ತೆ ಹಿಡಿಯಬೇಕಿತ್ತು. ನಾನು ಆಗ ಬಲಗಡೆ ಲೇನಿನಲ್ಲಿದ್ದೆ, ಉದ್ದದ ಟ್ರೇಲರ್ ಒಂದನ್ನು ಹಿಂದೆ ಹಾಕುತ್ತಿದ್ದೆ. ಟ್ರೇಲರ್ ಅಡ್ಡ ಇದ್ದದ್ದರಿಂದ ಎಡಬದಿಯ ಬೋರ್ಡು ಕಾಣಲಿಲ್ಲ. ಅದನ್ನು ದಾಟಿ ನೋಡಿದರೆ ಎಕ್ಸಿಟ್ ಪಕ್ಕದಲ್ಲೇ ಹಿಂದಕ್ಕೆ ಸರಿಯುತ್ತಿತ್ತು. ಆಗ ಗಂಟೆ 9:20.

ಮುಂದಿರುವುದು ರಾಮನಗರ–ಚನ್ನಪಟ್ಟಣ ಬೈಪಾಸ್. ಸುಮಾರು 22 ಕಿಮೀ ಉದ್ದ. ಎರಡೂ ಊರನ್ನು ಮುಟ್ಟದೆ ಹೊರಗಿನಿಂದ ಸುತ್ತಿ ಹೋಗುತ್ತದೆ. ಅವತ್ತು ನಮಗೆ ಇಳಿಯಲು ಸಿಕ್ಕಿದ್ದು ಅದು ಮುಗಿದ ಮೇಲೆಯೇ.

"ನಾಲ್ಕೂ ಇಂಡಿಕೇಟರ್ ಹಾಕ್ಕೊಂಡು ಮೆಲ್ಲಗೆ ಹಿಂದಕ್ಕೆ ತಗೋ. ಮುನ್ನೂರು ಮೀಟರ್ ಅಷ್ಟೇ, ಯಾರೂ ಬರ್ತಿಲ್ಲ" ಅಂದರು ಚಿಕ್ಕಪ್ಪ. ಅವರು ಮೂವತ್ತು ವರ್ಷ ಕಾರು ಓಡಿಸಿದವರು. ಹಳೇ ಮೈಸೂರು ರಸ್ತೆಯಲ್ಲಿ ಅದು ನಡೆಯುತ್ತಿತ್ತು. ಎಕ್ಸ್‌ಪ್ರೆಸ್‌ವೇಯಲ್ಲಿ ಯಾಕೆ ನಡೆಯುವುದಿಲ್ಲ, ಅದರ ಬದಲು ಏನು ಮಾಡಬೇಕು ಅನ್ನುವುದನ್ನು ಅದೇ ಪ್ರಯಾಣವನ್ನು ಇಟ್ಟುಕೊಂಡು ಒಂದೊಂದೇ ಹೆಜ್ಜೆಯಾಗಿ ಹೇಳುತ್ತೇನೆ.

ಹೆಜ್ಜೆ 1: ಸ್ಟೀರಿಂಗ್ ನೇರ, ವೇಗ ಹಾಗೇ

ಎಕ್ಸಿಟ್ ಕೈತಪ್ಪುತ್ತಿದೆ ಅಂತ ಗೊತ್ತಾದ ಕ್ಷಣ ಕಾಲು ತಾನಾಗಿ ಬ್ರೇಕಿಗೆ ಹೋಗುತ್ತದೆ, ಕೈ ಎಡಕ್ಕೆ ಎಳೆಯುತ್ತದೆ. ಎರಡನ್ನೂ ತಡೆಯಬೇಕು. ಗಂಟೆಗೆ 100 ಕಿಮೀ ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 28 ಮೀಟರ್ ಹೋಗುತ್ತದೆ. ಇಂಡಿಕೇಟರ್ ಹಾಕಿ, ಕನ್ನಡಿ ನೋಡಿ, ಭುಜದ ಮೇಲಿಂದ ಒಮ್ಮೆ ತಿರುಗಿ ನೋಡಿ ಒಂದು ಲೇನ್ ಬದಲಿಸಲು ನಾಲ್ಕೈದು ಸೆಕೆಂಡು ಬೇಕು. ಅಂದರೆ ಒಂದು ಲೇನಿಗೆ ನೂರು ಮೀಟರಿಗಿಂತ ಜಾಸ್ತಿ ರಸ್ತೆ ಖರ್ಚಾಗುತ್ತದೆ. ಬಲಗಡೆ ಲೇನಿನಿಂದ ಎಕ್ಸಿಟ್‌ಗೆ ಬರಲು ಎರಡು ಲೇನ್ ದಾಟಿ, ಆಮೇಲೆ ವೇಗವನ್ನೂ ಇಳಿಸಬೇಕು. ಇದಕ್ಕೆಲ್ಲ ಅರ್ಧ ಕಿಲೋಮೀಟರ್ ಬೇಕು ಅಂತಲೇ ಇಟ್ಟುಕೊಳ್ಳಿ.

ಹಾಗಾಗಿ ನಾನು ಒಂದು ನಿಯಮ ಇಟ್ಟುಕೊಂಡಿದ್ದೇನೆ. ಎಕ್ಸಿಟ್‌ನ ಬಾಯಿ ಕಣ್ಣಿಗೆ ಬಿದ್ದಾಗ ನಾನು ಎಡಗಡೆ ಲೇನಿನಲ್ಲಿ ಇಲ್ಲ ಅಂದರೆ ಆ ಎಕ್ಸಿಟ್ ನನ್ನದಲ್ಲ. ಅದರ ಬಗ್ಗೆ ಮತ್ತೆ ಯೋಚನೆ ಮಾಡುವುದಿಲ್ಲ. ಮುಖ್ಯ ರಸ್ತೆಯೂ ಎಕ್ಸಿಟ್ ದಾರಿಯೂ ಬೇರೆಯಾಗುವ ಕಡೆ ಪಟ್ಟೆ ಬಳಿದ ತ್ರಿಕೋನ ಜಾಗ ಇರುತ್ತದೆ. ಕೊನೇ ಕ್ಷಣದಲ್ಲಿ ಎಡಕ್ಕೆ ಎಳೆದವರು ಹೋಗಿ ಸೇರುವುದು ಅಲ್ಲಿಗೇ. ಅದರ ತುದಿಯಲ್ಲಿ ಕಬ್ಬಿಣದ ತಡೆಯೋ ಕಾಂಕ್ರೀಟ್ ಗೋಡೆಯೋ ಇರುತ್ತದೆ. ಕೆಲವರು ಅದೇ ಪಟ್ಟೆಯ ಮೇಲೆ ಕಾರು ನಿಲ್ಲಿಸಿ ಮ್ಯಾಪ್ ನೋಡುತ್ತಾರೆ. ಅದು ಅದಕ್ಕಿಂತ ಕೆಟ್ಟ ಜಾಗ. ನಿಮ್ಮ ಹಾಗೆಯೇ ಗೊಂದಲಪಟ್ಟ ಮುಂದಿನ ಡ್ರೈವರ್ ತಿರುಗುವುದೂ ಅಲ್ಲಿಗೇ ಅಲ್ವಾ?

ಹೆಜ್ಜೆ 2: ರಿವರ್ಸ್ ತೆಗೆದುಕೊಳ್ಳದಿರಲು ಕಾರಣ ಗೊತ್ತಿರಲಿ

"ಬೇಡ" ಅಂತ ಸುಮ್ನೆ ಹೇಳಿದರೆ ಹಿರಿಯರು ಒಪ್ಪುವುದಿಲ್ಲ. ಲೆಕ್ಕ ಹೇಳಿದರೆ ಒಪ್ಪುತ್ತಾರೆ. ನಾನು ಚಿಕ್ಕಪ್ಪನಿಗೆ ಹೇಳಿದ ಲೆಕ್ಕ ಇದು.

ಮುನ್ನೂರು ಮೀಟರ್ ರಿವರ್ಸ್ ಹೋಗಲು, ಗಂಟೆಗೆ 10 ಕಿಮೀ ವೇಗದಲ್ಲಿ, ನಮಗೆ ಸುಮಾರು 108 ಸೆಕೆಂಡು ಬೇಕು. ಅಷ್ಟರಲ್ಲಿ ಹಿಂದಿನಿಂದ 100ರಲ್ಲಿ ಬರುವ ಗಾಡಿ ಮೂರು ಕಿಲೋಮೀಟರ್ ಬಂದಿರುತ್ತದೆ. ಅಂದರೆ ಈಗ ನಮ್ಮ ಹಿಂದೆ ಮೂರು ಕಿಮೀ ಒಳಗೆ ಇರುವ ಪ್ರತಿ ಕಾರು, ಬಸ್ಸು, ಲಾರಿ ನಾವು ರಿವರ್ಸಿನಲ್ಲಿ ಇರುವಾಗಲೇ ನಮ್ಮ ಪಕ್ಕ ಹಾದು ಹೋಗಬೇಕು. ಕನ್ನಡಿಯಲ್ಲಿ "ಯಾರೂ ಬರ್ತಿಲ್ಲ" ಅಂತ ಕಾಣುವುದು ಹೆಚ್ಚೆಂದರೆ ಕೆಲವು ನೂರು ಮೀಟರ್ ಮಾತ್ರ.

ಇನ್ನೊಂದು ವಿಷಯ ಇದೆ. ಹಿಂದಿನವನಿಗೆ ನಮ್ಮ ಕಾರಿನ ಹಿಂಭಾಗ ಕಾಣುತ್ತದೆ, ಅದು ತನ್ನ ಹಾಗೆಯೇ ಮುಂದಕ್ಕೆ ಹೋಗುತ್ತಿದೆ ಅಂತ ಅವನ ಕಣ್ಣು ಅಂದುಕೊಳ್ಳುತ್ತದೆ. ನಾಲ್ಕೂ ಇಂಡಿಕೇಟರ್ ಮಿನುಗಿದರೂ ಅಷ್ಟೇ. ಮಳೆ ಬಂದಾಗ ಓಡುತ್ತಲೇ ಹಾಗೆ ಹಾಕಿಕೊಳ್ಳುವವರನ್ನು ಅವನು ದಿನಾ ನೋಡುತ್ತಾನೆ. ಇದು ತನ್ನ ಕಡೆಗೇ ಬರುತ್ತಿದೆ ಅಂತ ಅರ್ಥವಾಗುವ ಹೊತ್ತಿಗೆ ಅಂತರ ಮುಗಿದಿರುತ್ತದೆ. ಒಣ ರಸ್ತೆಯಲ್ಲಿ, ಒಳ್ಳೇ ಟೈರಿದ್ದರೂ, 100ರಲ್ಲಿ ಬರುವ ಕಾರು ಪೂರ್ತಿ ನಿಲ್ಲಲು ಸುಮಾರು ನೂರು ಮೀಟರ್ ಬೇಕು. ಅದರಲ್ಲಿ ನಲವತ್ತು ಮೀಟರ್ ಕಾಲು ಬ್ರೇಕ್ ಮುಟ್ಟುವ ಮೊದಲೇ ಕಳೆದಿರುತ್ತದೆ. ತುಂಬಿದ ಲಾರಿಗೆ ಇನ್ನೂ ಜಾಸ್ತಿ ದೂರ ಬೇಕು.

ಕೆಲವರು ರಿವರ್ಸ್ ಬದಲು ಕಾರನ್ನೇ ತಿರುಗಿಸಿ ಬದಿಯಲ್ಲಿ ಎದುರು ದಿಕ್ಕಿಗೆ ಬರುತ್ತಾರೆ. ಆಗ ಎದುರಿನವನ ವೇಗದ ಜೊತೆ ನಮ್ಮ ವೇಗವೂ ಕೂಡುತ್ತದೆ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ ಸಂಚಾರದ ದಿಕ್ಕಿಗೆ ವಿರುದ್ಧ ಓಡಿಸುವುದನ್ನು ಅಪಾಯಕಾರಿ ಚಾಲನೆ ಅಂತಲೇ ಹೆಸರಿಸುತ್ತದೆ. ಮೊದಲ ಸಲಕ್ಕೇ ಆರು ತಿಂಗಳಿಂದ ಒಂದು ವರ್ಷದವರೆಗೆ ಜೈಲು, ಇಲ್ಲವೇ ಸಾವಿರದಿಂದ ಐದು ಸಾವಿರ ರೂಪಾಯಿ ದಂಡ, ಇಲ್ಲವೇ ಎರಡೂ. ಈ ರಸ್ತೆಯಲ್ಲಿ ಕ್ಯಾಮೆರಾಗಳೂ ಇವೆ.

ಹೆಜ್ಜೆ 3: ಎಷ್ಟು ಹೊತ್ತು ಹೋಯಿತು ಅಂತ ಗಟ್ಟಿಯಾಗಿ ಲೆಕ್ಕ ಹಾಕಿ

ಗಾಬರಿ ಹುಟ್ಟುವುದು "ತುಂಬಾ ದೂರ" ಅನ್ನುವ ಭಾವನೆಯಿಂದ. ಅದನ್ನು ನಿಮಿಷಕ್ಕೆ ಇಳಿಸಿದರೆ ಕಾರಿನೊಳಗೆ ಎಲ್ಲರ ಉಸಿರು ಹದಕ್ಕೆ ಬರುತ್ತದೆ. ನಾವು ಹಾಕಿದ ಲೆಕ್ಕ: 22 ಕಿಮೀಗೆ ಗಂಟೆಗೆ 80ರಂತೆ ಹದಿನಾರೂವರೆ ನಿಮಿಷ. ಅಲ್ಲಿಂದ ಚನ್ನಪಟ್ಟಣದ ಒಳಗೆ ಹಾದು ಹಳೇ ರಸ್ತೆಯಲ್ಲಿ ರಾಮನಗರಕ್ಕೆ ಸುಮಾರು 20 ಕಿಮೀ. ಊರಿನ ಸಿಗ್ನಲ್, ಬಸ್ಸು, ಸಂತೆ ಎಲ್ಲ ಸೇರಿ ನಲವತ್ತು ನಿಮಿಷ. ಒಟ್ಟು ಐವತ್ತೇಳು. ಎಕ್ಸಿಟ್ ಸಿಕ್ಕಿದ್ದರೂ ಛತ್ರಕ್ಕೆ ಹತ್ತು ನಿಮಿಷ ಆಗುತ್ತಿತ್ತು. ಹಾಗಾಗಿ ನಿಜವಾದ ನಷ್ಟ ಮುಕ್ಕಾಲು ಗಂಟೆಗಿಂತ ಎರಡು ಮೂರು ನಿಮಿಷ ಹೆಚ್ಚು. 9:20ಕ್ಕೆ ಆ ಐವತ್ತೇಳು ನಿಮಿಷ ಸೇರಿಸಿದರೆ 10:17. ಮುಹೂರ್ತಕ್ಕೆ ಇನ್ನೂ ಹದಿಮೂರು ನಿಮಿಷ ಇರುತ್ತದೆ.

ಈ ಲೆಕ್ಕದಿಂದ ಇನ್ನೊಂದು ಉಪಯೋಗ ಇದೆ. ತಪ್ಪಿದ ಹೊತ್ತನ್ನು ವೇಗದಲ್ಲಿ ಗಳಿಸೋಣ ಅನ್ನುವ ಆಸೆ ಹೋಗುತ್ತದೆ. ಅದೇ 22 ಕಿಮೀಯನ್ನು 100ರಲ್ಲಿ ಓಡಿಸಿದರೆ ಹದಿಮೂರು ನಿಮಿಷ. ಅಂದರೆ ಉಳಿಯುವುದು ಮೂರು ನಿಮಿಷ ಚಿಲ್ಲರೆ. 120ರಲ್ಲಿ ಹೋದರೂ ಐದೂವರೆ ನಿಮಿಷ. ಅದೂ ಇಲ್ಲಿ ಕಾರಿಗೆ ಇರುವ 100ರ ಮಿತಿಯನ್ನು ಮೀರಿ. ಚನ್ನಪಟ್ಟಣದ ಒಂದು ಸಿಗ್ನಲ್‌ನಲ್ಲಿ ಆ ಉಳಿತಾಯ ಪೂರ್ತಿ ಕರಗಿ ಹೋಗುತ್ತದೆ.

ಕಾಯುತ್ತಿರುವವರಿಗೆ ಪಕ್ಕದಲ್ಲಿ ಕೂತವರು ಫೋನ್ ಮಾಡಲಿ. ಸಮಯವನ್ನು ಸ್ವಲ್ಪ ಹೆಚ್ಚಿಗೇ ಹೇಳಲಿ. ತಂಗಿ "ಹತ್ತೂ ಕಾಲರಿಂದ ಹತ್ತೂವರೆ ಒಳಗೆ ಬರ್ತೀವಿ, ನಮಗೆ ಕಾಯ್ಬೇಡಿ ಅತ್ತೆ" ಅಂದಳು. ಅದಾದ ಮೇಲೆ ಅಮ್ಮ ಗಡಿಯಾರ ನೋಡುವುದನ್ನು ಬಿಟ್ಟರು. ಒಬ್ಬರೇ ಓಡಿಸುತ್ತಿದ್ದರೆ ಈ ಫೋನ್ ಎಕ್ಸಿಟ್ ಇಳಿದು ನಿಂತ ಮೇಲೆಯೇ ಆಗಲಿ. ಹದಿನಾರು ನಿಮಿಷ ತಡವಾಗಿ ಸುದ್ದಿ ಮುಟ್ಟಿದರೆ ಯಾರಿಗೂ ನಷ್ಟವಿಲ್ಲ.

ಹೆಜ್ಜೆ 4: ನಡುವಿನ ಲೇನಿಗೆ ಬನ್ನಿ, ಮ್ಯಾಪನ್ನು ಅನುಮಾನದಿಂದ ನೋಡಿ

ಎಕ್ಸಿಟ್ ಹೋದ ಮೇಲೆ ನಿಧಾನವಾಗಿ ನಡುವಿನ ಲೇನಿಗೆ ಬಂದು 80ರ ಆಸುಪಾಸಿನಲ್ಲಿ ಇರಿ. ಎಡಗಡೆ ಲೇನಿನಲ್ಲೇ ಉಳಿಯಬೇಕು ಅನ್ನಿಸುತ್ತದೆ, ಆದರೆ ಸರ್ವಿಸ್ ರಸ್ತೆಯಿಂದ ಒಳಗೆ ಸೇರುವ ಗಾಡಿಗಳು ಬರುವುದು ಅಲ್ಲಿಗೆ. ಕೆಟ್ಟು ನಿಂತ ಲಾರಿ ಸಿಗುವುದೂ ಅಲ್ಲೇ. ಮುಂದಿನ ಎಕ್ಸಿಟ್‌ಗೆ ಎರಡು ಕಿಮೀ ಇರುವಾಗ ಎಡಕ್ಕೆ ಬಂದರೆ ಸಾಕು.

ಇನ್ನು ಮ್ಯಾಪ್. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಎರಡನೇ ತಪ್ಪು ಆಗುವುದು ಹೆಚ್ಚಾಗಿ ಇಲ್ಲೇ.

ಬೆಂಗಳೂರು–ಮೈಸೂರು ರಸ್ತೆಯ ಬಹುಭಾಗದಲ್ಲಿ ನಡುವೆ ಆರು ಲೇನಿನ ಮುಖ್ಯ ರಸ್ತೆ, ಎರಡೂ ಬದಿಗೆ ಎರಡೆರಡು ಲೇನಿನ ಸರ್ವಿಸ್ ರಸ್ತೆ. ಎರಡರ ನಡುವಿನ ಅಂತರ ಕೆಲವು ಮೀಟರ್ ಅಷ್ಟೇ. ಫೋನಿಗೆ ಉಪಗ್ರಹದಿಂದ ಸಿಗುವ ಜಾಗದ ಗುರುತು ಅಷ್ಟು ಸೂಕ್ಷ್ಮವಾಗಿರುವುದಿಲ್ಲ. ಹಾಗಾಗಿ ನೀವು ಮುಖ್ಯ ರಸ್ತೆಯಲ್ಲಿದ್ದರೂ ಮ್ಯಾಪ್ ನಿಮ್ಮನ್ನು ಸರ್ವಿಸ್ ರಸ್ತೆಯಲ್ಲಿ ಕೂರಿಸಿಬಿಡಬಹುದು. ಆಗ ಅದು "ಇನ್ನೂರು ಮೀಟರ್‌ನಲ್ಲಿ ಎಡಕ್ಕೆ ತಿರುಗಿ" ಅನ್ನುತ್ತದೆ. ನೀವು ಎಡಕ್ಕೆ ನೋಡಿದರೆ ಇರುವುದು ಬೇಲಿ. ಮೇಲುಸೇತುವೆಯ ಮೇಲೆ ಹೋಗುವಾಗಲೂ ಹೀಗೆಯೇ, ಕೆಳಗಿನ ರಸ್ತೆಯ ತಿರುವನ್ನು ಹೇಳುತ್ತದೆ.

ಇದನ್ನು ಗುರುತಿಸುವುದು ಸುಲಭ. ಮ್ಯಾಪ್ ಹೇಳಿದ ಜಾಗದಲ್ಲಿ ಎಕ್ಸಿಟ್‌ನ ಬೋರ್ಡು ಇಲ್ಲ, ಎಡಕ್ಕೆ ಅಗಲವಾಗುವ ಲೇನ್ ಇಲ್ಲ ಅಂದರೆ ಮ್ಯಾಪ್ ತಪ್ಪಿದೆ. ಬೋರ್ಡು ಮತ್ತು ರಸ್ತೆ ಎರಡೂ ಹೇಳಿದಾಗ ಮಾತ್ರ ತಿರುಗಿ. ಪದೇ ಪದೇ "ಯೂ ಟರ್ನ್" ಅಂತ ಹೇಳುತ್ತಿದ್ದರೆ ಅದರ ಧ್ವನಿಯನ್ನು ಪಕ್ಕದವರು ಬಂದ್ ಮಾಡಲಿ. ಮ್ಯಾಪಿನಲ್ಲಿ ಅವರು ಹುಡುಕಬೇಕಾದ್ದು ಒಂದೇ: ಬೈಪಾಸ್ ರೇಖೆ ಹಳೇ ರಸ್ತೆಯ ರೇಖೆಗೆ ಎಲ್ಲಿ ಸೇರುತ್ತದೆ, ಅಲ್ಲಿಗೆ ಇನ್ನೆಷ್ಟು ಕಿಮೀ. ತಂಗಿ ಪರದೆಯನ್ನು ಹಿಗ್ಗಿಸಿ ನೋಡಿ "ಚನ್ನಪಟ್ಟಣ ದಾಟಿದ ಮೇಲೆ ಸೇರುತ್ತೆ, ಹದಿನೆಂಟು ಕಿಮೀ ಇದೆ" ಅಂದಳು. ನಾನು ಟ್ರಿಪ್ ಮೀಟರ್ ಸೊನ್ನೆ ಮಾಡಿಕೊಂಡೆ. ಹದಿನಾರು ತೋರಿಸಿದಾಗ ಎಡಕ್ಕೆ ಬರಬೇಕು ಅಂತ ಮನಸ್ಸಿನಲ್ಲಿ ಇಟ್ಟುಕೊಂಡೆ. ಮಧ್ಯದಲ್ಲಿ ಮ್ಯಾಪ್ ಎರಡು ಸಲ ಎಡಕ್ಕೆ ಕರೆಯಿತು. ಮೀಟರ್ ಕಣ್ಣೆದುರು ಇದ್ದದ್ದರಿಂದ ಕಿವಿಗೊಡಲಿಲ್ಲ.

ಈ ರಸ್ತೆಯಲ್ಲಿ ಒಳಗೆ ಹೋಗುವ, ಹೊರಗೆ ಬರುವ ಜಾಗಗಳು 2023ರಿಂದ ಈಚೆಗೆ ಬದಲಾಗಿವೆ. ಹಾಗಾಗಿ ಹೋದ ವರ್ಷದ ನೆನಪನ್ನು ನಂಬಿ "ಇಲ್ಲೇ ಒಂದು ಇತ್ತು" ಅಂತ ವೇಗ ಇಳಿಸಿ ಹುಡುಕಲು ಹೋಗಬೇಡಿ.

ನಡುವೆ ನಿಲ್ಲಲೇಬೇಕಾಗಿ ಬಂದರೆ

ಅಮ್ಮನಿಗೆ ಸಕ್ಕರೆ ಕಾಯಿಲೆ ಇದೆ, ಶೌಚಾಲಯದ ಚಿಂತೆ ಅವರಿಗೆ. ಇಂಥ ಹೊತ್ತಲ್ಲಿ ಬದಿಗೆ ನಿಲ್ಲಿಸುವುದು ಸಹಜ ಅನ್ನಿಸುತ್ತದೆ. ಆದರೆ ಆ ಬದಿಯ ಪಟ್ಟಿ ಕೆಟ್ಟ ಗಾಡಿಗೆ ಇರುವುದು. ಹದಿನಾರು ನಿಮಿಷ ಅಂತ ಲೆಕ್ಕ ಹೇಳಿದ ಮೇಲೆ ಅಮ್ಮ "ಅಷ್ಟೇ ಅಲ್ವಾ, ತಡ್ಕೋತೀನಿ" ಅಂದರು. ಇಳಿದ ಮೇಲೆ ಸಿಕ್ಕ ಮೊದಲ ಪೆಟ್ರೋಲ್ ಬಂಕಿನಲ್ಲೇ ನಿಲ್ಲಿಸಿದೆವು.

ಪೆಟ್ರೋಲ್ ಕಡಿಮೆ ಇದ್ದರೂ ಲೆಕ್ಕ ಅದೇ. ದೀಪ ಹತ್ತಿದ ಮೇಲೂ ಹೆಚ್ಚಿನ ಕಾರುಗಳು ನಲವತ್ತು ಕಿಮೀ ಹೋಗುತ್ತವೆ. ಒಂದೇ ವೇಗದಲ್ಲಿ 70–80ರಲ್ಲಿ ಹೋಗಿ, ಇಳಿದ ಕೂಡಲೇ ಊರಿನ ಕಡೆ ಹೋಗಿ ಬಂಕ್ ಹುಡುಕಿ. ನಿಜವಾಗಿ ಗಾಡಿ ಕೆಟ್ಟರೆ ಎಡಬದಿಗೆ ಪೂರ್ತಿ ತಂದು ನಾಲ್ಕೂ ಇಂಡಿಕೇಟರ್ ಹಾಕಿ. ಎಲ್ಲರೂ ಎಡಗಡೆ ಬಾಗಿಲಿನಿಂದ ಇಳಿದು ಬೇಲಿಯ ಆಚೆ ನಿಲ್ಲಬೇಕು, ಕಾರಿನೊಳಗೆ ಕೂರಬಾರದು. ರಾಷ್ಟ್ರೀಯ ಹೆದ್ದಾರಿ ಸಹಾಯವಾಣಿ 1033. ಹತ್ತಿರದ ಕಿಲೋಮೀಟರ್ ಕಲ್ಲಿನ ಸಂಖ್ಯೆ, ಯಾವ ಊರಿನ ಕಡೆ ಹೋಗುತ್ತಿದ್ದೀರಿ ಅನ್ನುವುದು, ಇವೆರಡು ಹೇಳಿದರೆ ಅವರಿಗೆ ಹುಡುಕಲು ಸುಲಭ.

ಹೆಜ್ಜೆ 5: ಇಳಿಯುವಾಗ ಮೀಟರ್ ನೋಡಿ, ಮನಸ್ಸನ್ನು ನಂಬಬೇಡಿ

ಟ್ರಿಪ್ ಮೀಟರ್ ಹದಿನಾರು ತೋರಿಸಿತು, ನಾನು ಎಡಕ್ಕೆ ಬಂದೆ. ಬೋರ್ಡು ಕಂಡಿತು. ಎಕ್ಸಿಟ್ ಲೇನಿನೊಳಗೆ ಬಂದ ಮೇಲೆ ಬ್ರೇಕ್ ಒತ್ತಿ, ಮುಖ್ಯ ಲೇನಿನಲ್ಲೇ ಒತ್ತಬೇಡಿ. ಹಿಂದಿನವನು ನಿಮ್ಮಷ್ಟೇ ವೇಗದಲ್ಲಿ ಇರುತ್ತಾನೆ.

ಇಪ್ಪತ್ತು ನಿಮಿಷ 80–100ರಲ್ಲಿ ಓಡಿಸಿದ ಕಣ್ಣಿಗೆ 60 ಅನ್ನುವುದು ನಡೆದು ಹೋದ ಹಾಗೆ ಅನ್ನಿಸುತ್ತದೆ. ನಾನೂ ಸಾಕಷ್ಟು ನಿಧಾನ ಮಾಡಿದ್ದೇನೆ ಅಂದುಕೊಂಡೆ. ಮೀಟರ್ 65 ತೋರಿಸುತ್ತಿತ್ತು. ಸರ್ವಿಸ್ ರಸ್ತೆಗೆ ಸೇರುವ ಹೊತ್ತಿಗೆ ಅದು 40ರ ಒಳಗೆ ಇರಬೇಕು. ಯಾಕೆಂದರೆ 2023ರ ಆಗಸ್ಟ್ 1ರಿಂದ ಮುಖ್ಯ ರಸ್ತೆಗೆ ಬೈಕು, ಆಟೋ, ಟ್ರಾಕ್ಟರ್‌ಗಳಿಗೆ ಪ್ರವೇಶ ಇಲ್ಲ. ಅವೆಲ್ಲ ಇರುವುದು ಸರ್ವಿಸ್ ರಸ್ತೆಯಲ್ಲಿ. ಎದುರು ದಿಕ್ಕಿನಿಂದಲೂ ಬರುತ್ತಾರೆ, ದಾಟುವ ಜನ, ದನ ಎಲ್ಲ ಇರುತ್ತದೆ. ನನ್ನ ಮಟ್ಟಿಗೆ ಇಡೀ ಪ್ರಯಾಣದಲ್ಲಿ ಹೆಚ್ಚು ಎಚ್ಚರ ಬೇಕಾದ ನೂರು ಮೀಟರ್ ಇದೇ. ಮನಸ್ಸು "ಅಬ್ಬ, ಸಿಕ್ಕಿತು" ಅಂತ ಸಡಿಲ ಆಗುವುದೂ ಇಲ್ಲೇ.

ಹೆಜ್ಜೆ 6: ಐದು ನಿಮಿಷ ನಿಂತು ವಾಪಸ್ ದಾರಿ ಆರಿಸಿ

ಇಳಿದ ಕೂಡಲೇ ತಿರುಗಿಸಲು ಹೋಗಬೇಡಿ. ಬಂಕಿನಲ್ಲೋ ಹೋಟೆಲಿನ ಮುಂದೋ ನಿಂತು ಮ್ಯಾಪನ್ನು ಹೊಸದಾಗಿ ಹಾಕಿ. ನಮ್ಮ ಮುಂದೆ ಎರಡು ದಾರಿ ಇತ್ತು. ಅಂಡರ್‌ಪಾಸ್ ಕೆಳಗೆ ಹಾದು ಆ ಬದಿಗೆ ಹೋಗಿ ಬೆಂಗಳೂರಿನ ಕಡೆಗೆ ಮತ್ತೆ ಬೈಪಾಸ್ ಹತ್ತುವುದು ಒಂದು. ಹಳೇ ರಸ್ತೆಯಲ್ಲಿ ಚನ್ನಪಟ್ಟಣದ ಮೂಲಕ ಹೋಗುವುದು ಇನ್ನೊಂದು. ಬೈಪಾಸ್ ವೇಗದ್ದು ನಿಜ. ಆದರೆ ಹತ್ತಿದರೆ ಮತ್ತೆ 22 ಕಿಮೀ ಇಳಿಯಲಾಗದು, ಇನ್ನೊಮ್ಮೆ ತಪ್ಪಿದರೆ ಬಿಡದಿ. ಹಳೇ ರಸ್ತೆ ನಿಧಾನ, ಆದರೆ ಎಲ್ಲಿ ಬೇಕಾದರೂ ನಿಲ್ಲಬಹುದು, ಯಾರನ್ನಾದರೂ ಕೇಳಬಹುದು. ಅದು ನೇರ ರಾಮನಗರ ಊರಿನೊಳಗೇ ಹೋಗುತ್ತದೆ. ಹೋಗುವ ಜಾಗ ಊರಿನ ಒಳಗೆ ಇದ್ದರೆ ಹಳೇ ರಸ್ತೆಯನ್ನೇ ಹಿಡಿಯಿರಿ. ಮೈಸೂರಿಂದ ಬೆಂಗಳೂರಿನಂಥ ದೂರದ ಪ್ರಯಾಣವಾದರೆ ಮಾತ್ರ ಮತ್ತೆ ಹತ್ತುವುದು ಲಾಭ.

ಅಂಡರ್‌ಪಾಸ್ ಬಗ್ಗೆ ಒಂದು ಮಾತು. 2023ರ ಮಾರ್ಚ್ 12ರಂದು ಈ ರಸ್ತೆ ಉದ್ಘಾಟನೆಯಾದ ಕೆಲವೇ ದಿನಕ್ಕೆ ಬಿದ್ದ ಮಳೆಗೆ ರಾಮನಗರದ ಹತ್ತಿರ ಅಂಡರ್‌ಪಾಸಿನಲ್ಲಿ ನೀರು ತುಂಬಿ ಗಾಡಿಗಳು ಸಿಕ್ಕಿಕೊಂಡಿದ್ದವು. ಮಳೆ ಬಂದ ದಿನ ಅಂಡರ್‌ಪಾಸಿನಲ್ಲಿ ನೀರು ನಿಂತಿದ್ದರೆ, ನೆಲದ ಪಟ್ಟೆ ಕಾಣದಿದ್ದರೆ, ಒಳಗೆ ಇಳಿಯಬೇಡಿ. ಸರ್ವಿಸ್ ರಸ್ತೆಯಲ್ಲೇ ಮುಂದಿನ ಅಂಡರ್‌ಪಾಸ್‌ವರೆಗೆ ಹೋಗಿ. ಕೆಲವು ಅಂಡರ್‌ಪಾಸ್ ಎತ್ತರ ಕಡಿಮೆ ಇರುತ್ತವೆ, ಟೆಂಪೋ ಟ್ರಾವೆಲರ್ ಅಥವಾ ಮೇಲೆ ಲಗೇಜ್ ಕಟ್ಟಿದ ಗಾಡಿ ಇದ್ದರೆ ಎತ್ತರದ ಬೋರ್ಡು ನೋಡಿಕೊಳ್ಳಿ.

ಟೋಲ್ ಜಾಸ್ತಿ ಬೀಳುತ್ತದೆಯೇ?

ಚಿಕ್ಕಪ್ಪ ಕೇಳಿದ ಕೊನೆಯ ಪ್ರಶ್ನೆ ಇದು. ನಾವು ಬಿಡದಿಗೆ ಮುಂಚೆ ಕಣಿಮಿಣಿಕೆಯಲ್ಲಿ ಒಮ್ಮೆ ಕಟ್ಟಿದ್ದೆವು. ಮುಂದಿನ ಪ್ಲಾಜಾ ಶ್ರೀರಂಗಪಟ್ಟಣದ ಹತ್ತಿರ, ಗಣಂಗೂರಿನಲ್ಲಿ. ಅದಕ್ಕಿಂತ ಮೊದಲೇ ಇಳಿದದ್ದರಿಂದ ಒಂದು ರೂಪಾಯಿಯೂ ಹೆಚ್ಚಿಗೆ ಹೋಗಲಿಲ್ಲ. ಬೆಂಗಳೂರಿನ ಕಡೆ ಬರುವವರಿಂದ ವಸೂಲಿ ಮಾಡುವ ಶೇಷಗಿರಿಹಳ್ಳಿ ಪ್ಲಾಜಾ ರಾಮನಗರ ದಾಟಿದ ಮೇಲೆ ಸಿಗುತ್ತದೆ, ಹಾಗಾಗಿ ವಾಪಸ್ ಬರುವಾಗಲೂ ಏನೂ ಇಲ್ಲ. ತಪ್ಪಿ ಪ್ಲಾಜಾ ದಾಟಿಬಿಟ್ಟರೂ, 24 ಗಂಟೆಯೊಳಗೆ ಅದೇ ಪ್ಲಾಜಾದಲ್ಲಿ ಹಿಂದಿರುಗಿದರೆ ಹೋಗಿ ಬರುವುದಕ್ಕೆ ಒಟ್ಟು ಒಂದೂವರೆ ಪಟ್ಟು ಮಾತ್ರ. ಫಾಸ್ಟ್ಯಾಗ್ ಅದನ್ನು ತಾನೇ ಲೆಕ್ಕ ಹಾಕುತ್ತದೆ.

ಎಲ್ಲ ಎಕ್ಸ್‌ಪ್ರೆಸ್‌ವೇಯಲ್ಲೂ ಹೀಗಿಲ್ಲ. ದೆಹಲಿ–ಮುಂಬೈ ಎಕ್ಸ್‌ಪ್ರೆಸ್‌ವೇಯಂಥ ಕಡೆ ಒಳಗೆ ಬಂದ ಜಾಗದಿಂದ ಹೊರಗೆ ಹೋದ ಜಾಗದವರೆಗಿನ ದೂರಕ್ಕೆ ಹಣ ಕಟ್ಟಬೇಕು. ಅಲ್ಲಿ ಎಕ್ಸಿಟ್ ತಪ್ಪಿದರೆ ಮುಂದಿನ ಎಕ್ಸಿಟ್‌ವರೆಗಿನ ಕಿಲೋಮೀಟರಿಗೂ ಟೋಲ್ ಬೀಳುತ್ತದೆ. ಎಕ್ಸಿಟ್‌ನಲ್ಲೇ ಬೂತ್ ಇರುವುದರಿಂದ ಫಾಸ್ಟ್ಯಾಗ್‌ನಲ್ಲಿ ಅಷ್ಟು ಹಣ ಉಳಿದಿದೆಯೇ ಅಂತ ಪಕ್ಕದವರು ಇಳಿಯುವ ಮೊದಲೇ ನೋಡಿಕೊಳ್ಳಲಿ.

ಬಂಕಿನಲ್ಲಿ ನಿಂತದ್ದು ಎಂಟು ನಿಮಿಷ ಆಯಿತು. ಚನ್ನಪಟ್ಟಣದ ಗೊಂಬೆ ಅಂಗಡಿಗಳ ಮುಂದೆ ಬಸ್ಸುಗಳ ಹಿಂದೆ ಸ್ವಲ್ಪ ನಿಂತೆವು. ಛತ್ರದ ಮುಂದೆ ಕಾರು ನಿಲ್ಲಿಸಿದಾಗ 10:26. ಸಂಜೆ ಬೆಂಗಳೂರಿಗೆ ಹೊರಡುವಾಗ ಚಿಕ್ಕಪ್ಪ ಮುಂದಿನ ಸೀಟಿಗೆ ಬಂದು ಕೂತರು. ಫೋನ್ ಕೈಗೆ ತಗೊಂಡು, "ಎಲ್ಲಿ ಹತ್ತಬೇಕು, ಎಲ್ಲಿ ಇಳೀಬೇಕು, ಎಷ್ಟು ಕಿಮೀಗೆ ಎಡಕ್ಕೆ ಬರಬೇಕು ಅಂತ ಈಗಲೇ ಹೇಳು, ನಾನು ಮೀಟರ್ ನೋಡ್ತಿರ್ತೀನಿ" ಅಂದರು.